ಮೊದಲ ಬ್ಲೀಚ್ ಆದ ಮೇಲಿನ ವಾರ: ಬೋರ್ ನೀರಿನಿಂದ ಕೂದಲು ಕಾಪಾಡಿಕೊಳ್ಳಿ

ಅಕ್ಕ, ನಿನ್ನೆ ಬ್ಲೀಚ್ ಮಾಡಿದ ಕೂದಲನ್ನು ಇನ್ನೆರಡು ದಿನ ತೊಳೆಯಬೇಡಿ. ಬ್ಲೀಚ್ ಕೂದಲಿನ ಹೊರಪದರ ಬಿಚ್ಚಿ ಒಳಗಿನ ಬಣ್ಣ ತೆಗೆಯುತ್ತೆ, ಆಮೇಲೆ ಆ ಪದರ ಮೊದಲಿನ ಹಾಗೆ ಪೂರ್ತಿ ಮುಚ್ಚಿಕೊಳ್ಳಲ್ಲ, ಹಾಗಾಗಿ ನೀರಲ್ಲಿ ಏನಿದ್ರೂ ಕೂದಲು ಹೀರಿಕೊಳ್ಳುತ್ತೆ. ನಮ್ಮ ರಾಯಚೂರಲ್ಲಿ ಎಷ್ಟೋ ಮನೆಗೆ ಬೋರ್ ನೀರೇ ಗತಿ. ಬಕೆಟ್ ಅಂಚಿಗೆ ಬಿಳಿ ಕಲೆ ಕಟ್ಟುತ್ತೆ ಅಲ್ವಾ, ಅದೇ ನಿಮ್ಮ ಕೂದಲಿಗೂ ಅಂಟಿ ಹೊಳಪು ಹೋಗಿ ಒರಟಾಗುತ್ತೆ. ನೀರಲ್ಲಿ ಕಬ್ಬಿಣ ಇದ್ರೆ ಬಣ್ಣವೂ ಕೆಂಪಗೆ ತಿರುಗಬಹುದು.

ಮೂರನೇ ದಿನ ಸಲ್ಫೇಟ್ ಇಲ್ಲದ ಶಾಂಪೂ ನೆತ್ತಿಗೆ ಮಾತ್ರ ಹಚ್ಚಿ, ಬಿಸಿ ನೀರು ಬೇಡ. ಕಂಡೀಷನರ್ ಅನ್ನು ಕೂದಲಿನ ಮಧ್ಯದಿಂದ ತುದಿವರೆಗೆ ಹಚ್ಚಿ ಮೂರ್ನಾಲ್ಕು ನಿಮಿಷ ಬಿಟ್ಟು ತೊಳೆಯಿರಿ, ಕೊನೆಗೆ ಎರಡು ಚೊಂಬು ಫಿಲ್ಟರ್ ನೀರು ಸುರಿದುಕೊಳ್ಳಿ. ಇಷ್ಟು ಮಾಡಿದ್ರೆ ಸಾಕು, ದುಬಾರಿ ಸೀರಮ್ ಸುಮ್ನೆ ತರಬೇಡಿ. ಟವೆಲ್‌ನಿಂದ ತಿಕ್ಕದೆ ಮೆಲ್ಲಗೆ ಒತ್ತಿ ಒರೆಸಿ.

ಅವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ಉದುರಿದ ಒಂದು ಒದ್ದೆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ವಾಪಸ್ ಬಂದ್ರೆ ಚಿಂತೆ ಇಲ್ಲ. ಚೂಯಿಂಗ್ ಗಮ್ ತರ ಎಳೆದಷ್ಟೂ ಬಂದು ಹಾಗೇ ಉಳಿದ್ರೆ, ಕೂದಲಿನ ಒಳಗಿನ ಪ್ರೋಟೀನ್‌ಗೆ ಜಾಸ್ತಿ ಪೆಟ್ಟು ಬಿದ್ದಿದೆ ಅಂತ ಅರ್ಥ. ಆಗ ಒದ್ದೆ ಕೂದಲು ಬಾಚಬೇಡಿ, ಸ್ಟ್ರೈಟ್ನರ್ ಮುಟ್ಟಬೇಡಿ, ಪಾರ್ಲರ್‌ಗೆ ಬನ್ನಿ. ನೆತ್ತಿಯಲ್ಲಿ ಗುಳ್ಳೆ ಎದ್ದು ಉರಿಯುತ್ತಿದ್ರೆ ಮಾತ್ರ ನನ್ನ ಹತ್ರ ಅಲ್ಲ, ನೇರ ಚರ್ಮದ ಡಾಕ್ಟರ್ ಹತ್ರ ಹೋಗಿ.