ಕಿಲೋಕ್ಯಾಲರಿನ 860ರಿಂದ ಭಾಗಿಸಿ: ಗ್ಯಾಸ್ ಬರ್ನರ್, ಕರೆಂಟ್ ಒಲೆ ಲೆಕ್ಕದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಒಲೆ ರಿಪೇರಿ ಮಾಡುತ್ತೇನೆ. ಗಿರಾಕಿಗಳದು ಒಂದೇ ಪ್ರಶ್ನೆ: ನಮ್ಮ ಗ್ಯಾಸ್ ಒಲೆಯಷ್ಟೇ ಜೋರಿರುವ ಕರೆಂಟ್ ಒಲೆ ಬೇಕಂದ್ರ ಎಷ್ಟು ವ್ಯಾಟಿಂದು ತರಬೇಕ್ರಿ? ಬರ್ನರ್ ಮೇಲಿನ ಅಂಕಿ ಗಂಟೆಗೆ ಇಷ್ಟು ಕಿಲೋಕ್ಯಾಲರಿ ಅಂತ, ಹಾಟ್‌ಪ್ಲೇಟ್ ಮೇಲಿನದು ವ್ಯಾಟ್ ಅಂತ. "ಕ್ಯಾಲರಿ ಅಂದ್ರ ಊಟದ್ದು, ಅದನ್ನ ಕರೆಂಟಿಗೆ ಹೆಂಗ ಹೊಂದಸ್ತೀಯೋ ತಮ್ಮಾ" ಅಂತ ನಮ್ಮ ಸಾಲಿನ ಹಿರಿಯರೊಬ್ಬರು ನಕ್ಕಿದ್ದರು. ಈಗ ಅವರೇ ನನ್ನ ತಕ್ಕಡಿ ಎರವಲು ಒಯ್ಯುತ್ತಾರೆ.

ಲೆಕ್ಕ ಸಣ್ಣದು. ಒಂದು ಯೂನಿಟ್ ಕರೆಂಟ್‌ನಲ್ಲಿ ಹೆಚ್ಚು ಕಡಿಮೆ 860 ಕಿಲೋಕ್ಯಾಲರಿ ಶಾಖ ಇದೆ. ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನ ಒಲೆಯ ದೊಡ್ಡ ಬರ್ನರ್ 1800 ಕಿಲೋಕ್ಯಾಲರಿಯದು. 860ರಿಂದ ಭಾಗಿಸಿದರೆ 2.1 ಕಿಲೋವ್ಯಾಟ್. ಅಂದರೆ 2000 ವ್ಯಾಟ್‌ನ ಹಾಟ್‌ಪ್ಲೇಟ್ ಹತ್ತಿರ ಹತ್ತಿರ ಜೋಡಿ.

ಆದರೆ ಬರೆದ ಅಂಕಿಯನ್ನು ನಂಬಿ ಗಿರಾಕಿಯ ದುಡ್ಡು ಖರ್ಚು ಮಾಡಿಸೋಕೆ ಆಗಲ್ಲ, ಅಲ್ವಾ? ಅದಕ್ಕೆ ಸಿಲಿಂಡರನ್ನೇ ತೂಗಿದೆ. ಮೊದಲು ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ತಂದೆ, ದುಡ್ಡು ದಂಡ. ಗಂಟೆಗೆ ಖರ್ಚಾಗೋದು ನೂರೈವತ್ತು ಗ್ರಾಂ ಆಸುಪಾಸು, ಅದರ ಗೆರೆಗಳೇ ಇನ್ನೂರು ಗ್ರಾಂಗೆ ಒಂದು! ಆಮೇಲೆ ಎರಡೂವರೆ ಸಾವಿರದ ಹತ್ತಿರ ಕೊಟ್ಟು, ಐದು ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಸಿಲಿಂಡರ್ ಅದರ ಮೇಲಿಟ್ಟು, ರಬ್ಬರ್ ಪೈಪ್ ಎಲ್ಲೂ ಎಳೆಯದಂತೆ ಸಡಿಲ ಬಿಟ್ಟು, ಒಂದೇ ಬರ್ನರನ್ನು ಪೂರ್ತಿ ತೆರೆದು ಅರ್ಧ ಗಂಟೆ ಉರಿಸಬೇಕು. ಇಳಿದ ತೂಕವನ್ನು ಎರಡು ಪಟ್ಟು ಮಾಡಿದರೆ ಗಂಟೆಯ ಲೆಕ್ಕ. ಒಂದು ಕಿಲೋ ಗ್ಯಾಸಿಗೆ ಸುಮಾರು 10,900 ಕಿಲೋಕ್ಯಾಲರಿ ಹಿಡಿದರೆ, ಗಂಟೆಗೆ ಇಳಿದ ಒಂದೊಂದು ಗ್ರಾಂ ಹತ್ತಿರತ್ತಿರ 12.7 ವ್ಯಾಟ್.

ಅಕ್ಕನ ಬರ್ನರ್ 165 ಗ್ರಾಂ ಉರಿಸಬೇಕಿತ್ತು, ಉರಿಸಿದ್ದು 130. ಅಂದರೆ 1650 ವ್ಯಾಟ್ ಅಷ್ಟೇ. ಜೆಟ್‌ನಲ್ಲಿ ಕಸ ಕೂತಿತ್ತು. ಸ್ವಚ್ಛ ಮಾಡಿದ ಮೇಲೆ 160ಕ್ಕೆ ಬಂತು. ಜೆಟ್‌ಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗಿ ಉರಿ ಹಳದಿಯಾಗುತ್ತೆ. ನಾನು ಯಾವುದರಿಂದ ತೊಳೆಯುತ್ತೇನೆ ಅನ್ನೋದು ಇಲ್ಲಿ ಬೇಡ, ಹೊಟ್ಟೆಪಾಡು.

ಆಮೇಲೆ ನೀರಿನ ಪರೀಕ್ಷೆ. ಎರಡು ಲೀಟರ್ ನೀರು, ಅದೇ ಸಪಾಟು ತಳದ ಪಾತ್ರೆ, ಮುಚ್ಚಳ ಸಹಿತ. ಗ್ಯಾಸ್ ಮೇಲೆ ಎಂಟು ನಿಮಿಷದ ಆಸುಪಾಸಿಗೆ ಕುದಿಯಿತು. 2000 ವ್ಯಾಟ್‌ನ ಹಾಟ್‌ಪ್ಲೇಟ್ ಮೇಲೆ ಹನ್ನೆರಡಾದರೂ ಆಗುತ್ತಿತ್ತು. "ನೋಡು, ನಿನ್ನ ಲೆಕ್ಕ ನೀರಾಗ ಹೋತು" ಅಂದರು ಹಿರಿಯರು. ನಾನು ಬಿಸಿ ಪ್ಲೇಟ್ ಮೇಲೆ ತಕ್ಷಣ ಇನ್ನೊಂದು ಪಾತ್ರೆ ತಣ್ಣೀರು ಇಟ್ಟೆ. ಎಂಟಕ್ಕೆ ಕುದಿಯಿತು. ಮೊದಲ ಪಾತ್ರೆಯ ಶಾಖದಲ್ಲಿ ದೊಡ್ಡ ಪಾಲು ಆ ಎರಡು ಕಿಲೋ ಬೀಡುಕಬ್ಬಿಣ ಬಿಸಿಯಾಗೋಕೇ ಹೋಗಿತ್ತು. ಒಂದೇ ಸಲ ಚಹಾ ಕಾಯಿಸುವವರಿಗೆ ಇದು ನಷ್ಟ, ಸಾಲಾಗಿ ಅಡಿಗೆ ಮಾಡುವವರಿಗೆ ಅಲ್ಲ.

ಸುಮ್ನೆ ಒಂದು ಚಾಳಿಗೆ ಫ್ಯಾನ್ ಹಾಕಿಯೂ ನೋಡಿದೆ. ಗ್ಯಾಸ್ ಮೇಲೆ ಎಂಟು ನಿಮಿಷ ಹನ್ನೊಂದಕ್ಕೆ ಹೋಯಿತು, ತಕ್ಕಡಿ ಮಾತ್ರ ಅಷ್ಟೇ ವೇಗದಲ್ಲಿ ಇಳಿಯುತ್ತಿತ್ತು.

ಸಂಜೆ ಅಕ್ಕನ ಮನೆಯಲ್ಲಿ ಮತ್ತೆ ಮಾಡಿದಾಗ ಬಿಸಿ ಪ್ಲೇಟ್‌ಗೂ ಹತ್ತು ನಿಮಿಷದ ಮೇಲೆ ಬೇಕಾಯಿತು. ಮೀಟರ್ ಇಟ್ಟರೆ 230 ಇರಬೇಕಾದಲ್ಲಿ 200 ವೋಲ್ಟ್, ಕ್ಲ್ಯಾಂಪ್‌ನಲ್ಲಿ 7.6 ಆಂಪಿಯರ್. ಗುಣಿಸಿದರೆ 1500 ವ್ಯಾಟ್ ಚಿಲ್ಲರೆ. ವೋಲ್ಟೇಜ್ ಎಂಟರಲ್ಲಿ ಒಂದು ಪಾಲು ಇಳಿದರೆ ಕಾಯಿಲ್‌ನ ಶಾಖ ಹೆಚ್ಚು ಕಡಿಮೆ ಕಾಲು ಪಾಲು ಇಳಿಯುತ್ತೆ. ಅದಕ್ಕೇ ನಾನು ಈಗ ಗ್ಯಾಸನ್ನು ತೂಗಿ, ಕರೆಂಟನ್ನು ಗಿರಾಕಿಯ ಮನೆಯಲ್ಲೇ, ಅವರು ಅಡಿಗೆ ಮಾಡುವ ಹೊತ್ತಿಗೇ ಅಳೆದು ಹೇಳುತ್ತೇನೆ.

ದುಡ್ಡಿನ ಮಾತು. 14.2 ಕಿಲೋ ಸಿಲಿಂಡರ್ ಅಂದರೆ ಹೀಗೆ ಲೆಕ್ಕ ಹಾಕಿದರೆ 180 ಯೂನಿಟ್. ಅಕ್ಕನದು ವ್ಯಾಪಾರದ 19 ಕಿಲೋ ಸಿಲಿಂಡರ್, 240 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 1440 ರೂಪಾಯಿ ಆಯಿತು. ನೀರಿನ ಪರೀಕ್ಷೆಯಲ್ಲಿ ಪ್ಲೇಟ್ ಬಿಸಿಯಾದ ಮೇಲೆ ಎರಡರ ದಕ್ಷತೆಯೂ ಅರವತ್ತು ಪರ್ಸೆಂಟ್ ಆಚೀಚೆ ಇದ್ದದ್ದರಿಂದ ನೇರ ಹೋಲಿಸಬಹುದು: ಸಿಲಿಂಡರ್ ಅದಕ್ಕಿಂತ ತುಟ್ಟಿಯಾದರೆ ಕರೆಂಟ್ ಗೆಲ್ಲುತ್ತೆ. ಮನೆಯ ಮೀಟರಿಗೇ ಹಚ್ಚಿ ಗೃಹಜ್ಯೋತಿ ನಂಬುವವರಿಗೆ ಒಂದು ಮಾತು: ಅಲ್ಲಿ ಹಿಂದಿನ ಬಳಕೆಯ ಸರಾಸರಿ ಲೆಕ್ಕಕ್ಕೆ ಬರುತ್ತೆ, ಹಾಟ್‌ಪ್ಲೇಟ್ ಸೇರಿಸಿದ ಯೂನಿಟ್‌ಗಳು ಬಿಟ್ಟಿ ಅಲ್ಲ.

ರೊಟ್ಟಿ ಮಾತ್ರ ಹಾಟ್‌ಪ್ಲೇಟ್ ಮೇಲೆ ಆಗಲಿಲ್ಲ. ಅಕ್ಕನ ಹಂಚಿನ ತಳ ಉಬ್ಬಿದೆ, ಪ್ಲೇಟಿಗೆ ನಡುವೆ ಮಾತ್ರ ತಾಗಿ ರೊಟ್ಟಿಯ ನಡು ಕರಕಾಯಿತು, ಅಂಚು ಹಸಿ. ಅವರು ರೊಟ್ಟಿಗೆ ಗ್ಯಾಸನ್ನೇ ಇಟ್ಟುಕೊಂಡು, ಬ್ಯಾಳಿ, ಕಾಳು ಬೇಯಿಸೋದನ್ನೆಲ್ಲ ಹಾಟ್‌ಪ್ಲೇಟ್‌ಗೆ ಹಾಕಿದ್ದಾರೆ. ಅದಕ್ಕೆ 16 ಆಂಪಿಯರ್ ಸಾಕೆಟ್ ಹಾಕಿಸಿದೆ. ಪೂರ್ತಿ ವೋಲ್ಟೇಜ್‌ನಲ್ಲಿ ಅದು 8.7 ಆಂಪಿಯರ್ ಎಳೆಯುತ್ತೆ, ಸಣ್ಣ 6 ಆಂಪಿಯರ್ ಪ್ಲಗ್ ಕರಗಿಹೋಗುತ್ತೆ.