ಎರಡು ಗಾಡಿಯಲ್ಲಿ ಒಂದನ್ನು ಎಳೆದುಕೊಂಡು ಹೋದಾಗ ಲೆಕ್ಕ ಬರೆಯುವ ಬಗೆ

ಹೈಯರ್ ಪರ್ಚೇಸ್‌ನಲ್ಲಿ, ಅಂದರೆ ಕಂತಿನ ಮೇಲೆ ಸರಕು ಕೊಂಡಾಗ, ಕಂತು ತಪ್ಪಿ, ಮಾರಿದವರು ಸರಕಿನ ಒಂದು ಭಾಗವನ್ನಷ್ಟೇ ವಾಪಸ್ ಪಡೆದಾಗ ಲೆಕ್ಕ ಹೆಚ್ಚಾಗಿ ಕೆಡುತ್ತದೆ. ಒಂದೇ ಗಾಡಿಗೆ ಎರಡು ಬೆಲೆ ಇರುವುದೇ ಕಾರಣ: ಕೊಂಡವರ ಪುಸ್ತಕದಲ್ಲಿ ಒಂದು, ಮಾರಿದವರು ಒಪ್ಪುವುದು ಇನ್ನೊಂದು.

ಉದಾಹರಣೆಗೆ, 2022ರ ಏಪ್ರಿಲ್ 1ರಂದು ಎರಡು ಗೂಡ್ಸ್ ಆಟೋ ಕೊಂಡಿದ್ದಾರೆ ಎನ್ನಿ. ನಗದು ಬೆಲೆ ತಲಾ 2,00,000 ರೂ. ಮುಂಗಡ 1,00,000 ಕೊಟ್ಟು, ಉಳಿದ 3,00,000ವನ್ನು ವರ್ಷಕ್ಕೆ 1,00,000ದಂತೆ, ಶೇ. 10 ಬಡ್ಡಿ ಸೇರಿಸಿ ಕಟ್ಟಬೇಕು. ಮೊದಲ ಕಂತು 1,30,000 ಕಟ್ಟಿದರು. 2024ರ ಮಾರ್ಚ್ 31ರ ಕಂತು ತಪ್ಪಿತು, ಒಂದು ಆಟೋ ವಾಪಸ್ ಹೋಯಿತು.

ನಾನು ಮೊದಲು ಬರೆಯುವುದು ಬಡ್ಡಿ. ಕಂತು ಕಟ್ಟದಿದ್ದರೂ ಆ ವರ್ಷದ ಬಡ್ಡಿ 20,000 ಬಾಕಿಗೆ ಸೇರಲೇಬೇಕು. ಹಾಗಾಗಿ ಮಾರಿದವರಿಗೆ ಸಲ್ಲಬೇಕಾದದ್ದು 2,20,000. ದುಡ್ಡೇ ಕೊಟ್ಟಿಲ್ಲವಲ್ಲ ಎಂದು ಇದನ್ನು ಬಿಟ್ಟರೆ ಮುಂದಿನ ಬಾಕಿಯೆಲ್ಲ ತಪ್ಪು.

ಆಮೇಲೆ ಸವಕಳಿ. ಕೊಂಡವರು ಇಳಿಕೆ ಶಿಲ್ಕಿನ ಮೇಲೆ, ಅಂದರೆ ಹಿಂದಿನ ವರ್ಷ ಕಳೆದು ಉಳಿದ ಮೌಲ್ಯದ ಮೇಲೆ, ಶೇ. 20 ಕಳೆಯುತ್ತಾರೆ. ಎರಡನೇ ವರ್ಷದ ಸವಕಳಿಯನ್ನು ಎರಡೂ ಗಾಡಿಗೆ ಹಾಕಬೇಕು, ಏಕೆಂದರೆ ವರ್ಷವಿಡೀ ಎರಡೂ ಅವರ ಬಳಿಯೇ ಇದ್ದವು. ಒಂದು ಗಾಡಿಯ ಪುಸ್ತಕ ಮೌಲ್ಯ 1,28,000ಕ್ಕೆ ಬರುತ್ತದೆ. ಮಾರಿದವರು ಹಿಡಿಯುವ ದರ ಶೇ. 30, ಅವರ ಲೆಕ್ಕದಲ್ಲಿ 2,00,000 ಮೊದಲು 1,40,000, ಆಮೇಲೆ 98,000. ಎರಡು ಲೆಕ್ಕವೂ ನಗದು ಬೆಲೆಯಿಂದಲೇ ಶುರು. ಬಡ್ಡಿ ಸೇರಿದ ಒಟ್ಟು ಬೆಲೆಯ ಮೇಲೆ ಸವಕಳಿ ಹಾಕಬಾರದು.

ಈಗ ಕೊಂಡವರ ಪುಸ್ತಕದಲ್ಲಿ ಮಾರಿದವರ ಖಾತೆಗೆ 98,000, ಲಾಭ-ನಷ್ಟ ಖಾತೆಗೆ 30,000 ಡೆಬಿಟ್. ವಾಹನ ಖಾತೆಗೆ 1,28,000 ಕ್ರೆಡಿಟ್. ಬಾಕಿಯಿಂದ ಕಳೆಯುವುದು 98,000 ಮಾತ್ರ, ಪುಸ್ತಕ ಮೌಲ್ಯವಲ್ಲ. ಉಳಿದ ಸಾಲ 1,22,000 ಮುಂದಿನ ವರ್ಷಕ್ಕೆ ಹೋಗುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು ಉಳಿದ ಆಟೋದ ಮೌಲ್ಯವನ್ನು ಬೇರೆ ಹಾಳೆಯಲ್ಲಿ ಲೆಕ್ಕ ಹಾಕುತ್ತೇನೆ: 2,00,000, 1,60,000, 1,28,000. ವಾಹನ ಖಾತೆಯ ಶಿಲ್ಕೂ ಅಷ್ಟೇ ಬರಬೇಕು. 1,58,000 ಬಂದರೆ 30,000ದ ನಷ್ಟ ಬರೆಯುವುದು ಬಿಟ್ಟುಹೋಗಿದೆ ಎಂದರ್ಥ.

ಎರಡೂ ಗಾಡಿ ಹೋಗಿದ್ದರೆ ಕೆಲಸ ಸಲೀಸು. 2,20,000 ಬಾಕಿಯನ್ನು ವಾಹನ ಖಾತೆಗೆ ವರ್ಗಾಯಿಸಿ, 2,56,000 ಪುಸ್ತಕ ಮೌಲ್ಯಕ್ಕೆ ಕಡಿಮೆ ಬೀಳುವ 36,000ವನ್ನು ನಷ್ಟಕ್ಕೆ ಬರೆದರೆ ಎರಡೂ ಖಾತೆ ಮುಗಿಯುತ್ತವೆ.

ಮಾರಿದವರ ಕಡೆ, ವಾಪಸ್ ಪಡೆದ ಸರಕಿನ ಖಾತೆಗೆ 98,000 ಡೆಬಿಟ್, ಕೊಂಡವರ ಖಾತೆಗೆ ಕ್ರೆಡಿಟ್. ರಿಪೇರಿಗೆ 7,000 ಹಾಕಿದರೆ ಅದೂ ಇದೇ ಖಾತೆಗೆ ಡೆಬಿಟ್, ಮಾಮೂಲಿ ರಿಪೇರಿ ಖರ್ಚಿಗೆ ಅಲ್ಲ. ಆಗಲೇ 1,15,000ಕ್ಕೆ ಮಾರಿದಾಗ ಸಿಕ್ಕ ನಿಜವಾದ ಲಾಭ 10,000 ಎಂದು ಕಾಣುತ್ತದೆ. ಇಲ್ಲದಿದ್ದರೆ ಅದು 17,000 ಎಂದು ತೋರುತ್ತದೆ.