ಅಮ್ಮನ ವೀಸಾಗೆ ಆಹ್ವಾನ ಪತ್ರ: ಉದ್ದೇಶ, ದಿನ, ಖರ್ಚು ಬರೆಯುವುದು ಹೇಗೆ?

‘ಅಮ್ಮ ಮಗುವನ್ನು ನೋಡಲು ಬರುತ್ತಾರೆ’, ‘ಅಮ್ಮ ಮಗುವನ್ನು ನೋಡಿಕೊಳ್ಳಲು ಬರುತ್ತಾರೆ’. ನಾವು ಮಾತಾಡುವಾಗ ಈ ಎರಡರಲ್ಲಿ ಯಾವುದು ಬಾಯಿಗೆ ಬಂದರೂ ವ್ಯತ್ಯಾಸವಾಗುವುದಿಲ್ಲ. ಅದೇ ವಾಕ್ಯ ಇಂಗ್ಲಿಷಿನ ಆಹ್ವಾನ ಪತ್ರಕ್ಕೆ ಇಳಿದು ವೀಸಾ ಅಧಿಕಾರಿಯ ಮೇಜು ತಲುಪಿದಾಗ ಅರ್ಥವೇ ಬೇರೆಯಾಗುತ್ತದೆ. ಮೊದಲನೆಯದು ಭೇಟಿ. ಎರಡನೆಯದು ಜವಾಬ್ದಾರಿ, ಯಾವಾಗ ಮುಗಿಯುತ್ತದೆ ಎಂದು ಹೇಳಲಾಗದಂಥದ್ದು.

ಕೆನಡಾದಲ್ಲಿರುವ ಗೆಳತಿಯೊಬ್ಬಳು ತನ್ನ ತಾಯಿಗಾಗಿ ಬರೆದ ಪತ್ರದ ಕರಡನ್ನು ನನಗೆ ಕಳಿಸಿದ್ದಳು. ಎರಡನೇ ಮಗು ಹುಟ್ಟಿ ಆರು ವಾರವಾಗಿತ್ತು. ಎರಡು ಪುಟದ ಪತ್ರ, ತುಂಬ ಪ್ರೀತಿಯಿಂದ ಬರೆದದ್ದು. ಆದರೆ ಅಮ್ಮ ಯಾವ ದಿನ ಹೊರಡುತ್ತಾರೆ, ಟಿಕೆಟ್ ಹಣ ಯಾರದು ಎಂಬುದೇ ಅದರಲ್ಲಿರಲಿಲ್ಲ. ಆ ಪತ್ರವನ್ನು ನಾವಿಬ್ಬರೂ ತಿದ್ದಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು: ಪತ್ರ ಸಾಕೋ, ಸರ್ಕಾರಿ ನಮೂನೆ ಬೇಕೋ?

ಬರೆಯಲು ಕೂರುವ ಮುಂಚೆ ಹೋಗಬೇಕಾದ ದೇಶ ಏನು ಕೇಳುತ್ತದೆಂದು ಆ ದೇಶದ ಅಧಿಕೃತ ವೀಸಾ ಪುಟದಲ್ಲಿ ನೋಡಿ. ಕೆನಡಾ, ಬ್ರಿಟನ್‌ಗಳಲ್ಲಿ ನೀವೇ ಬರೆದು ಸಹಿ ಮಾಡಿದ ಸಾದಾ ಪತ್ರ ನಡೆಯುತ್ತದೆ. ಫ್ರಾನ್ಸ್‌ನಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವವರು ತಮ್ಮ ಊರಿನ ಮೇಯರ್ ಕಚೇರಿಯಿಂದ ದೃಢೀಕರಣ ಪಡೆಯಬೇಕು. ಜರ್ಮನಿಯಲ್ಲಿ ಖರ್ಚು ನಿಮ್ಮದು ಎನ್ನುವುದಾದರೆ ವಿದೇಶಿಯರ ಕಚೇರಿಗೆ ಹೋಗಿ ಅಲ್ಲಿನ ಬದ್ಧತಾ ಪತ್ರಕ್ಕೆ ಸಹಿ ಹಾಕಬೇಕು. ಅದಕ್ಕೆ ಕಾನೂನಿನ ಬಲವಿದೆ, ಅತಿಥಿಗಾಗಿ ಸರ್ಕಾರಕ್ಕೆ ಖರ್ಚು ಬಿದ್ದರೆ ನಿಮ್ಮಿಂದ ವಸೂಲಿ ಮಾಡಬಹುದು. ಇಂಥ ಕಡೆ ಸಾದಾ ಪತ್ರವೊಂದನ್ನೇ ನೆಚ್ಚಿದರೆ ಅರ್ಜಿ ಅಪೂರ್ಣವಾಗುತ್ತದೆ.

ಅಮೆರಿಕದ ರೀತಿ ಇದಕ್ಕೆ ವಿರುದ್ಧ. ಅಲ್ಲಿನ ಪ್ರವಾಸಿ ವೀಸಾಗೆ ಆಹ್ವಾನ ಪತ್ರ ಬೇಕೇ ಇಲ್ಲ. ಬರುವವರ ಸ್ವಂತ ಸ್ಥಿತಿಗತಿ, ಅವರು ಹಿಂದಿರುಗಲು ಇರುವ ಕಾರಣ, ಇವನ್ನು ನೋಡಿಯೇ ಅಧಿಕಾರಿ ನಿರ್ಧರಿಸುತ್ತಾರೆ.

ಯಾರು, ಯಾರನ್ನು

ಈ ಭಾಗ ಸುಲಭ. ತಾಯಿಯ ಪೂರ್ತಿ ಹೆಸರು, ಜನ್ಮದಿನಾಂಕ, ವಿಳಾಸ, ಫೋನ್ ಸಂಖ್ಯೆ, ನಿಮಗೂ ಅವರಿಗೂ ಇರುವ ಸಂಬಂಧ. ನಿಮ್ಮ ಬಗ್ಗೆಯೂ ಇಷ್ಟೇ ವಿವರ, ಜೊತೆಗೆ ಉದ್ಯೋಗ ಮತ್ತು ಆ ದೇಶದಲ್ಲಿ ನಿಮ್ಮ ಸ್ಥಾನಮಾನ: ಪ್ರಜೆಯೋ, ಕಾಯಂ ನಿವಾಸಿಯೋ, ಕೆಲಸದ ಪರವಾನಗಿಯಲ್ಲಿ ಇರುವವರೋ. ಮನೆಯಲ್ಲಿ ಒಟ್ಟು ಎಷ್ಟು ಜನರಿದ್ದಾರೆ ಎಂಬುದನ್ನೂ ಕೆನಡಾ ಕೇಳುತ್ತದೆ. ಗಂಡ ಅಥವಾ ಹೆಂಡತಿ, ಮಕ್ಕಳ ಹೆಸರು, ಜನ್ಮದಿನಾಂಕ ಸೇರಿಸಿ.

ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಗೆಳತಿಯ ಕರಡಿನಲ್ಲಿ ಅಮ್ಮನ ಹೆಸರಿನ ಮುಂದೆ ಇನಿಷಿಯಲ್ ಒಂದೇ ಇತ್ತು, ಪಾಸ್‌ಪೋರ್ಟ್‌ನಲ್ಲಿ ಅದು ಪೂರ್ತಿ ಬಿಡಿಸಿದ ಹೆಸರಾಗಿತ್ತು. ಅವಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಮೂರನೇ ರೀತಿಯಲ್ಲಿತ್ತು. ತಾಯಿ–ಮಗಳು ಎಂದು ತೋರಿಸುವ ಏಕೈಕ ದಾಖಲೆ ಅದು. ಹಾಗಾಗಿ ಪಾಸ್‌ಪೋರ್ಟ್‌ನ ಹೆಸರು, ಜನನ ಪ್ರಮಾಣಪತ್ರದ ಹೆಸರು ಎರಡೂ ಒಬ್ಬರದೇ ಎಂದು ಪತ್ರದಲ್ಲಿ ಒಂದು ಸಾಲು ಸೇರಿಸಿ, ಅದಕ್ಕೆ ಆ ಜನನ ಪ್ರಮಾಣಪತ್ರವನ್ನೂ ಲಗತ್ತಿಸಿದೆವು.

ಉದ್ದೇಶ: ನೋಡಲು, ನೋಡಿಕೊಳ್ಳಲು

‘ನಾನು ಕೆಲಸಕ್ಕೆ ಮರಳಬೇಕಿರುವುದರಿಂದ ಮಕ್ಕಳನ್ನು ನೋಡಿಕೊಳ್ಳಲು ಅಮ್ಮ ಬೇಕೇ ಬೇಕು’ ಎಂದು ಕರಡಿನಲ್ಲಿತ್ತು. ಇದನ್ನು ಓದುವ ಅಧಿಕಾರಿಗೆ ಏಳುವ ಪ್ರಶ್ನೆ ಒಂದೇ: ಮಗುವಿಗೆ ಆರು ತಿಂಗಳಾದ ಮೇಲೆ ಈ ಅಗತ್ಯ ಮುಗಿಯುತ್ತದೆಯೇ? ಮುಗಿಯುವುದಿಲ್ಲ. ಹಾಗಾದರೆ ಇವರು ಹಿಂದಿರುಗುತ್ತಾರೆಂದು ನಂಬುವುದು ಹೇಗೆ?

ಅಜ್ಜಿ ಮೊಮ್ಮಗುವನ್ನು ಎತ್ತಿ ಆಡಿಸಿದರೆ, ಸ್ನಾನ ಮಾಡಿಸಿದರೆ ಅದು ಅಪರಾಧವಲ್ಲ. ಭೇಟಿಗೆ ಬಂದ ತಾಯಿ ಸಂಬಳವಿಲ್ಲದೆ ಮಗಳ ಮಗುವಿನ ಆರೈಕೆಗೆ ನೆರವಾಗುವುದನ್ನು ಕೆನಡಾದ ನಿಯಮಗಳು ಕೆಲಸವೆಂದು ಎಣಿಸುವುದಿಲ್ಲ. ಬ್ರಿಟನ್ ಕೂಡ ಸಂಬಂಧಿಕರ ಇಂಥ ಭೇಟಿಯನ್ನು ಒಪ್ಪುತ್ತದೆ, ಆದರೆ ಅದು ಅಲ್ಪಾವಧಿಯದಾಗಿರಬೇಕು, ಬಂದವರು ನಿಜವಾಗಿ ಅತಿಥಿಯೇ ಆಗಿರಬೇಕು. ತೊಂದರೆ ಇರುವುದು ಅಜ್ಜಿ ಮಾಡುವ ಸಹಾಯದಲ್ಲಲ್ಲ. ದಾದಿಯ ಬದಲಿಗೆ ಅಜ್ಜಿಯನ್ನು ಕರೆಸುತ್ತಿದ್ದೀರಿ ಎಂಬಂತೆ ಪತ್ರ ಓದಿಸಿಕೊಳ್ಳುತ್ತದಲ್ಲ, ಅಲ್ಲಿ.

ಹಾಗೆಂದು ಸತ್ಯವನ್ನು ಮುಚ್ಚಿಡಬಾರದು. ‘ಪ್ರವಾಸಿ ತಾಣಗಳನ್ನು ನೋಡಲು’ ಎಂದು ಬರೆದು, ಸಂದರ್ಶನದಲ್ಲೋ ಗಡಿಯಲ್ಲೋ ಅಮ್ಮ ‘ಮಗಳ ಬಾಣಂತನಕ್ಕೆ’ ಎಂದರೆ ಅರ್ಜಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ನಾವು ತಿದ್ದಿದ ಸಾಲುಗಳ ಸಾರ ಹೀಗಿತ್ತು:

‘ಫೆಬ್ರವರಿಯಲ್ಲಿ ಹುಟ್ಟಿದ ನಮ್ಮ ಎರಡನೇ ಮಗುವನ್ನು ಅಮ್ಮ ಇನ್ನೂ ನೋಡಿಲ್ಲ. ಮಗುವನ್ನು ನೋಡಲು, ನಮ್ಮ ಕುಟುಂಬದೊಂದಿಗೆ ಹತ್ತು ವಾರ ಕಳೆಯಲು ಅವರು ಬರುತ್ತಿದ್ದಾರೆ. ಹೆರಿಗೆಯ ನಂತರದ ಈ ದಿನಗಳಲ್ಲಿ ಅವರು ಜೊತೆಗಿರುವುದು ನನಗೆ ಆಸರೆ. ನಾನು ಡಿಸೆಂಬರ್‌ವರೆಗೆ ರಜೆಯಲ್ಲಿದ್ದು ಮಕ್ಕಳ ಆರೈಕೆಯನ್ನು ನಾನೇ ನೋಡಿಕೊಳ್ಳುತ್ತೇನೆ.’

ಕೊನೆಯ ಸಾಲು ಮುಖ್ಯ. ರಜೆಯ ವಿಷಯ ನಿಜವಾಗಿತ್ತು, ಕಂಪನಿಯ ಪತ್ರವೂ ಇತ್ತು. ಮೊದಲ ಕರಡಿನಲ್ಲಿ ಅದನ್ನು ಬರೆಯಲು ಅವಳಿಗೆ ಹೊಳೆದೇ ಇರಲಿಲ್ಲ. ನಿಮ್ಮ ಸಂಗತಿ ಬೇರೆಯಿದ್ದರೆ ಈ ಸಾಲನ್ನು ನಕಲು ಮಾಡಬೇಡಿ, ನಿಮ್ಮ ಏರ್ಪಾಡು ಏನಿದೆಯೋ ಅದನ್ನೇ ಬರೆಯಿರಿ.

ಎಷ್ಟು ದಿನ?

‘ಸುಮಾರು ಎರಡು ಮೂರು ತಿಂಗಳು’ ಎಂದು ಬರೆಯಬೇಡಿ. ಬರುವ ದಿನ, ಹೊರಡುವ ದಿನ ಎರಡನ್ನೂ ಕೊಡಿ: ಏಪ್ರಿಲ್ 12ರಿಂದ ಜೂನ್ 20ರವರೆಗೆ, ಹತ್ತು ವಾರ. ವೀಸಾ ಸಿಗುವ ಮೊದಲೇ ಟಿಕೆಟ್‌ಗೆ ದುಡ್ಡು ಸುರಿಯಬೇಕಿಲ್ಲ. ಯೋಜಿಸಿದ ದಿನಾಂಕವೆಂದು ಬರೆದರೆ ಸಾಕು.

ಕೆನಡಾ, ಬ್ರಿಟನ್‌ಗಳಲ್ಲಿ ಅತಿಥಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಅವಕಾಶ. ಫ್ರಾನ್ಸ್, ಜರ್ಮನಿ ಸೇರಿದ ಯುರೋಪಿನ ಷೆಂಗೆನ್ ಗುಂಪಿನ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ. ಅವಕಾಶವಿದೆ ಎಂದು ಅಷ್ಟನ್ನೂ ಕೇಳುವವರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮೊದಲ ಭೇಟಿಗೆ ಅದು ಜಾಣತನವಲ್ಲ. ಅವಧಿ ಉದ್ದವಾದಷ್ಟೂ ಅಷ್ಟು ದಿನ ಅವರ ಮನೆ, ಅವರ ವ್ಯವಹಾರ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಗಟ್ಟಿಯಾಗಿರಬೇಕು.

ಹಿಂದಿರುಗುವುದರ ಬಗ್ಗೆ ‘ಅಮ್ಮ ಖಂಡಿತ ವಾಪಸ್ ಹೋಗುತ್ತಾರೆ, ಇದಕ್ಕೆ ನಾನೇ ಹೊಣೆ’ ಎಂದು ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ. ಇನ್ನೊಬ್ಬರ ಪರವಾಗಿ ಕೊಟ್ಟ ಮಾತಿಗೆ ತೂಕವಿಲ್ಲ, ಸಂಗತಿಗಳಿಗೆ ಇದೆ. ಗೆಳತಿಯ ಅಮ್ಮ ನಿವೃತ್ತ ಶಿಕ್ಷಕಿ, ಪಿಂಚಣಿ ಬರುತ್ತದೆ, ಸ್ವಂತ ಮನೆಯಿದೆ. ಅಪ್ಪ ಜೊತೆಗೆ ಬರುತ್ತಿಲ್ಲ, ಮನೆಯಲ್ಲೇ ಇರುತ್ತಾರೆ. ಇಷ್ಟನ್ನು ಎರಡು ವಾಕ್ಯದಲ್ಲಿ ಬರೆದೆವು. ಪಿಂಚಣಿ ಮತ್ತು ಮನೆಯ ದಾಖಲೆಗಳನ್ನು ಅಮ್ಮ ತಮ್ಮ ಅರ್ಜಿಯೊಂದಿಗೆ ಹಾಕಿದರು.

ವರ್ಷಗಟ್ಟಲೆ ಉಳಿಸಿಕೊಳ್ಳುವ ಮನಸ್ಸಿದ್ದರೆ ಕೆನಡಾದಲ್ಲಿ ಅದಕ್ಕೆಂದೇ ಸೂಪರ್ ವೀಸಾ ಇದೆ. ಅಲ್ಲಿನ ಪ್ರಜೆ ಅಥವಾ ಕಾಯಂ ನಿವಾಸಿಯ ತಂದೆ ತಾಯಿ, ಅಜ್ಜ ಅಜ್ಜಿ ಅದರಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ನಿಗದಿತ ಆದಾಯ ತೋರಿಸಬೇಕು, ಕನಿಷ್ಠ 1,00,000 ಕೆನಡಿಯನ್ ಡಾಲರ್ ರಕ್ಷಣೆಯ ಆರೋಗ್ಯ ವಿಮೆ ಇರಬೇಕು, ಖರ್ಚಿನ ಹೊಣೆಯನ್ನು ಪತ್ರದಲ್ಲಿ ಲಿಖಿತವಾಗಿ ಒಪ್ಪಿಕೊಳ್ಳಬೇಕು. ಹತ್ತು ವಾರದ ಪತ್ರ ಬರೆದು ಮನಸ್ಸಿನಲ್ಲಿ ಎರಡು ವರ್ಷ ಇಟ್ಟುಕೊಳ್ಳುವುದಕ್ಕಿಂತ ಈ ದಾರಿ ಮೇಲು.

ಖರ್ಚು ಯಾರದು?

‘ಎಲ್ಲ ಖರ್ಚೂ ನನ್ನದೇ’ ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಖರ್ಚನ್ನು ಬಿಡಿಬಿಡಿಯಾಗಿ ಬರೆದು, ಪ್ರತಿಯೊಂದರ ಎದುರು ಕೊಡುವವರನ್ನು ಹೇಳಿ. ನಮ್ಮ ಪತ್ರದಲ್ಲಿ ವಿಮಾನದ ಟಿಕೆಟ್ ಅಮ್ಮನ ಉಳಿತಾಯದಿಂದ, ಪ್ರಯಾಣದ ಆರೋಗ್ಯ ವಿಮೆ ಮಗಳಿಂದ, ವಸತಿ ಮತ್ತು ಊಟ ಮಗಳ ಮನೆಯಲ್ಲಿ, ಅಲ್ಲಿನ ಓಡಾಟವೂ ಮಗಳದೇ. ಅಮ್ಮನ ಪಾಲು ಸ್ವಲ್ಪವಾದರೂ ಇರುವುದು ಒಳ್ಳೆಯದು. ತಮ್ಮ ಪ್ರಯಾಣಕ್ಕೆ ತಾವೇ ಹಣ ಹಾಕುವವರು ಎಂದು ಅದು ತೋರಿಸುತ್ತದೆ.

ನಾವು ಎಡವಿದ್ದು ಆದಾಯದಲ್ಲಿ. ಗೆಳತಿ ತನ್ನ ಪೂರ್ತಿ ಸಂಬಳವನ್ನು ಬರೆದಿದ್ದಳು. ಆದರೆ ಹೆರಿಗೆ ರಜೆಯಲ್ಲಿ ಖಾತೆಗೆ ಬರುವುದು ಸಂಬಳವಲ್ಲ, ಅದಕ್ಕಿಂತ ಕಡಿಮೆಯ ಭತ್ಯೆ. ಪತ್ರದಲ್ಲೊಂದು ಮೊತ್ತ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ಇದ್ದರೆ ಸಂಶಯ ಬರುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆದೆವು: ಭತ್ಯೆ ತಿಂಗಳಿಗೆ 2,000 ಡಾಲರ್, ಗಂಡನ ಕೈಗೆ ಬರುವ ಸಂಬಳ 5,000, ಬಾಡಿಗೆ ಸೇರಿ ಮನೆಖರ್ಚು 5,200, ಉಳಿಯುವುದು 1,800. ಹಣದ ಹೆಚ್ಚಿನ ಭಾಗ ಗಂಡನದಾದ್ದರಿಂದ ಪತ್ರಕ್ಕೆ ಅವರೂ ಸಹಿ ಹಾಕಿದರು. ಆಮೇಲೆ ಇಬ್ಬರ ಉದ್ಯೋಗ ಪತ್ರ, ಗಂಡನ ಪೇ ಸ್ಲಿಪ್, ತೆರಿಗೆ ಇಲಾಖೆಯ ಆದಾಯ ನಿರ್ಣಯ ಪತ್ರ ಜೊತೆಗಿಟ್ಟೆವು.

ಬ್ಯಾಲೆನ್ಸ್ ಹೆಚ್ಚು ಕಾಣಲೆಂದು ಅರ್ಜಿಯ ಹಿಂದಿನ ವಾರ ಯಾರಿಂದಲೋ ಹಣ ತಂದು ಖಾತೆಗೆ ಹಾಕಬೇಡಿ. ತಿಂಗಳುಗಳ ಸ್ಟೇಟ್‌ಮೆಂಟ್‌ನಲ್ಲಿ ಅಂಥ ಜಮೆ ಮೊದಲು ಕಣ್ಣಿಗೆ ಬೀಳುತ್ತದೆ. ಮನೆ ಮಾರಿದ್ದೋ, ಠೇವಣಿ ಮುಗಿದದ್ದೋ ನಿಜವಾದ ಕಾರಣವಿದ್ದರೆ ಅದರ ಕಾಗದ ಸೇರಿಸಿ.

ಕಳಿಸುವ ಮುನ್ನ

ಕೆನಡಾದ ಅರ್ಜಿಗೆ ಪತ್ರ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿರಬೇಕು, ಒಂದು ಪುಟ ಸಾಕು, ದಿನಾಂಕ ಮತ್ತು ಸಹಿ ಮರೆಯಬೇಡಿ. ನಿಮ್ಮ ಸ್ಥಾನಮಾನದ ದಾಖಲೆಯ ಪ್ರತಿಯನ್ನು ಲಗತ್ತಿಸಿ. ಕೆಲವು ವೀಸಾ ಕಚೇರಿಗಳು ನೋಟರಿ ಕೇಳುತ್ತವೆ, ಅರ್ಜಿ ಹಾಕುವ ಕಚೇರಿಯ ಸೂಚನೆಯಲ್ಲಿ ಅದನ್ನು ನೋಡಿಕೊಳ್ಳಿ. ನೀವು ಕೆಲಸದ ಪರವಾನಗಿಯಲ್ಲಿದ್ದರೆ ಅದು ಮುಗಿಯುವ ದಿನ ಅಮ್ಮ ಹೊರಡುವ ದಿನದ ನಂತರವಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಆಮೇಲೆ ಪತ್ರವನ್ನು ಫೋನಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ. ಗೆಳತಿ ಹಾಗೆ ಓದಿ ಹೇಳಿ, ‘ಎಷ್ಟು ದಿನಕ್ಕೆ ಬರ್ತಿದೀರಿ ಅಂತ ಕೇಳಿದ್ರೆ ಏನಂತೀಯಮ್ಮ?’ ಎಂದಳು. ‘ನೀನು ಕಳಿಸಿಕೊಟ್ಟಾಗ ಹೋಗ್ತೀನಿ ಅಂತೀನಿ ಕಣೆ’ ಎಂದರು ಅಮ್ಮ. ಜೂನ್ 20 ಎಂದು ಅವರ ನಾಲಿಗೆಯ ಮೇಲೆ ಕೂರಲು ಇನ್ನೆರಡು ಫೋನ್ ಕರೆ ಬೇಕಾಯಿತು.

ವೀಸಾ ಬಂದ ಮೇಲೂ ಪತ್ರದ ಒಂದು ಪ್ರತಿ ಅಮ್ಮನ ಕೈಚೀಲದಲ್ಲಿರಲಿ, ಲಗೇಜ್‌ಗೆ ಹಾಕುವ ಸೂಟ್‌ಕೇಸ್‌ನಲ್ಲಿ ಬೇಡ. ಒಳಗೆ ಬಿಡುವುದೂ ಎಷ್ಟು ದಿನ ಎಂಬುದೂ ವಿಮಾನ ನಿಲ್ದಾಣದಲ್ಲಿ ಕೂತ ಅಧಿಕಾರಿಯ ನಿರ್ಧಾರ, ಅವರು ಕೇಳುವ ಹೊತ್ತಿಗೆ ಸೂಟ್‌ಕೇಸ್ ಕೈಗೆ ಸಿಕ್ಕಿರುವುದಿಲ್ಲ.